ಬೆಲೆ ಕೇಳಿ ಸುಮ್ಮನಾದ ಗ್ರಾಹಕರಿಗೆ ಮತ್ತೆ ಬರೆಯುವ ಬಗೆ

ಪ್ರಶ್ನೆ: ನಾನು ಇಳಕಲ್ ಸೀರೆಗಳನ್ನು ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತೇನೆ. ಹದಿನೈದು ದಿನಗಳ ಹಿಂದೆ ಬೆಂಗಳೂರಿನ ಒಬ್ಬರು ತಾವಾಗಿಯೇ ಮೆಸೇಜ್ ಮಾಡಿ, ಬರುವ ತಿಂಗಳ 24ಕ್ಕೆ ಅತ್ತಿಗೆಯ ಕುಬಸ, ಅಂದರೆ ಸೀಮಂತವಿದೆ, ಹಸಿರು ಸೀರೆ ಬೇಕು ಎಂದರು. ರೇಷ್ಮೆ ಸೆರಗಿನ ಮೂರು ಕೈಮಗ್ಗದ ಸೀರೆ ತೋರಿಸಿದೆ. ಸೆರಗಿನ ವಿಡಿಯೊ ಕೇಳಿದರು, ಕಳಿಸಿದೆ. ಬೆಲೆ ಹೇಳಿದ ಮೇಲೆ ‘ಸರಿ, ಮನೆಯಲ್ಲಿ ಕೇಳಿ ಹೇಳ್ತೀನಿ’ ಎಂದರು, ಅಷ್ಟೇ. ಆಮೇಲೆ ಎರಡು ಸಲ ‘ಹಾಯ್ ಮೇಡಂ’ ಎಂದು ಕಳಿಸಿದೆ. ನೋಡಿದ್ದಾರೆ, ಉತ್ತರವಿಲ್ಲ. ಮತ್ತೆ ಕೇಳಿದರೆ ಬೆನ್ನು ಹತ್ತಿದ ಹಾಗಾಗುತ್ತದೆ, ಕೇಳದಿದ್ದರೆ ವ್ಯಾಪಾರ ಕೈತಪ್ಪುತ್ತದೆ. ಏನು ಮಾಡಲಿ?

ಉತ್ತರ: ಇನ್ನೊಂದು ಮೆಸೇಜ್ ಕಳಿಸುವ ಮೊದಲು ಆ ಸಂಭಾಷಣೆಯನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಿ, ಮಾತು ಯಾವ ಜಾಗದಲ್ಲಿ ನಿಂತಿತು ಎಂಬುದನ್ನು ಗುರುತಿಸಿಕೊಳ್ಳಿ. ಬೆಲೆ ಕೇಳಿದೊಡನೆ ಮಾತು ನಿಂತರೆ ಅದಕ್ಕೆ ಒಂದು ಅರ್ಥ, ಸೀರೆಯನ್ನು ಆರಿಸಿ ವಿಳಾಸ ಕೊಟ್ಟ ಮೇಲೆ ನಿಂತರೆ ಬೇರೆಯೇ ಅರ್ಥ, ಹಣ ಕಳಿಸುವ ವಿವರ ಪಡೆದ ಮೇಲೆ ನಿಂತರೆ ಮತ್ತೊಂದು ಅರ್ಥ. ಮುಂದೆ ಏನು ಬರೆಯಬೇಕೆಂಬುದು ಈ ಜಾಗವನ್ನು ಅವಲಂಬಿಸಿರುತ್ತದೆಯೇ ಹೊರತು ಎಷ್ಟು ದಿನ ಕಳೆದಿವೆ ಎಂಬುದನ್ನಲ್ಲ. ನಿಮ್ಮ ಗ್ರಾಹಕರು ಬೆಲೆ ಕೇಳಿದೊಡನೆ ಸುಮ್ಮನಾದವರಲ್ಲ. ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಎಂದು ಹೇಳಿ ಹೋದವರು. ಇದನ್ನು ಬರಿಯ ನೆಪವೆಂದು ತಳ್ಳಿಹಾಕಬೇಡಿ. ಅತ್ತಿಗೆಯ ಕುಬಸದ ಸೀರೆಯನ್ನು ನಾದಿನಿಯೊಬ್ಬಳೇ ಕುಳಿತು ನಿರ್ಧರಿಸುವುದು ಅಪರೂಪ. ತಾಯಿ ನೋಡಬೇಕು, ಅಣ್ಣನಿಗೆ ಖರ್ಚು ಒಪ್ಪಿಗೆಯಾಗಬೇಕು, ಅತ್ತಿಗೆಯ ತವರಿನವರು ಯಾವ ಸೀರೆ ತರುತ್ತಾರೆ ಎಂಬುದೂ ಗೊತ್ತಾಗಬೇಕು. ಆದ್ದರಿಂದ ನಿಮ್ಮ ಮಾತು ಈಗ ನಿಂತಿರುವುದು ಆ ಮನೆಯ ನಾಲ್ಕಾರು ಜನರ ನಡುವೆ. ನೀವು ‘ಹಾಯ್ ಮೇಡಂ’ ಎಂದಾಗ ಅವರ ಬಳಿ ಹೇಳಲು ಏನೂ ಇರಲಿಲ್ಲ, ಅದಕ್ಕಾಗಿಯೇ ಉತ್ತರ ಬರಲಿಲ್ಲ ಎಂದು ತಿಳಿಯುವುದೇ ಹೆಚ್ಚು ಸಮಂಜಸ.

‘ನೋಡಿದ್ದಾರೆ, ಉತ್ತರವಿಲ್ಲ’ ಎಂಬ ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆದರೆ ಮೆಸೇಜಿನ ಕೆಳಗೆ ಕಾಣುವ ‘Seen’ ಎಂಬ ಗುರುತಿಗೆ ನೀವು ಕೊಡುತ್ತಿರುವ ತೂಕ ಅದಕ್ಕಿಲ್ಲ. ಆ ಸಂಭಾಷಣೆಯನ್ನು ಅವರ ಫೋನಿನಲ್ಲಿ ತೆರೆಯಲಾಯಿತು ಎಂದಷ್ಟೇ ಅದು ಹೇಳುತ್ತದೆ. ಬಸ್ಸಿನಲ್ಲಿ ನಿಂತು ತೆರೆದರೋ, ಮಗುವಿಗೆ ಊಟ ಮಾಡಿಸುತ್ತಾ ತೆರೆದರೋ ನಮಗೆ ತಿಳಿಯದು. ಇದಕ್ಕೆ ವಿರುದ್ಧವಾಗಿ, ಆ ಗುರುತು ಬಾರದಂತೆ ಸೆಟ್ಟಿಂಗ್ಸಿನಲ್ಲಿ ಆರಿಸಿಡುವ ಅವಕಾಶವೂ ಈಗ ಇನ್‌ಸ್ಟಾಗ್ರಾಮ್‌ನಲ್ಲಿದೆ. ಪರದೆಯ ಮೇಲೆ ಇಣುಕುವ ನೋಟಿಫಿಕೇಶನ್ನಿನಲ್ಲೇ ಓದಿ ಬಿಟ್ಟವರಿಗೂ ಆ ಗುರುತು ಬೀಳುವುದಿಲ್ಲ. ಹಾಗಾಗಿ ಗುರುತು ಇದ್ದರೆ ತಿರಸ್ಕಾರವೆಂದೂ ಇಲ್ಲದಿದ್ದರೆ ಇನ್ನೂ ಓದಿಲ್ಲವೆಂದೂ ಲೆಕ್ಕ ಹಾಕಿದರೆ ಎರಡೂ ಕಡೆ ತಪ್ಪುತ್ತೇವೆ. ವ್ಯವಹಾರದ ದೃಷ್ಟಿಯಿಂದ ಮುಖ್ಯವಾದದ್ದು ಇನ್ನೊಂದಿದೆ. ಒಮ್ಮೆ ತೆರೆದ ಸಂಭಾಷಣೆ ‘ಓದಿಲ್ಲ’ ಎಂಬ ದಪ್ಪಕ್ಷರವನ್ನು ಕಳೆದುಕೊಂಡು, ಆಮೇಲೆ ಬಂದ ಮೆಸೇಜುಗಳ ಕೆಳಗೆ ಜಾರಿಹೋಗುತ್ತದೆ. ಮನೆಯಲ್ಲಿ ಕೇಳಿ ಒಪ್ಪಿಗೆ ಪಡೆದ ಮೇಲೂ, ಆ ಸೀರೆಯವರು ಯಾರಾಗಿದ್ದರು ಎಂದು ಹುಡುಕಲು ಬೇಸರಪಟ್ಟು ಹತ್ತಿರದ ಅಂಗಡಿಗೆ ಹೋಗುವವರಿದ್ದಾರೆ. ನಿಮ್ಮ ಮುಂದಿನ ಮೆಸೇಜು ಮಾಡಬೇಕಾದ ಮೊದಲ ಕೆಲಸ, ಆ ಸೀರೆಯನ್ನು ಮತ್ತೆ ಅವರ ಕಣ್ಣ ಮುಂದೆ ತರುವುದು.

ಆ ಕೆಲಸವನ್ನು ‘ಹಾಯ್ ಮೇಡಂ’ ಏಕೆ ಮಾಡುವುದಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಅದನ್ನು ಓದಿದವರು ಮೊದಲು ‘ಹಾಯ್, ಹೇಳಿ’ ಎನ್ನಬೇಕು, ನೀವು ‘ಏನು ನಿರ್ಧಾರ ಮಾಡಿದಿರಿ’ ಎನ್ನಬೇಕು, ಅವರು ‘ಇನ್ನೂ ಇಲ್ಲ’ ಎಂದು ಒಪ್ಪಿಕೊಳ್ಳಬೇಕು. ಇನ್ನೂ ನಿರ್ಧಾರವಾಗದವರಿಗೆ ಈ ಮೂರು ಮೆಟ್ಟಿಲೂ ಮುಜುಗರದವೇ. ‘ಉತ್ತರ ಕೊಡಲಿಲ್ಲವಲ್ಲ’ ಎಂಬ ಆಕ್ಷೇಪವನ್ನು ನೀವು ಬರೆಯದಿದ್ದರೂ ಅವರು ಓದಿಕೊಳ್ಳುತ್ತಾರೆ. ಅದೇ ಮಾತು ಎರಡನೆಯ ಸಲ ಬಂದಾಗ ಮುಜುಗರ ಹೆಚ್ಚಾಗಿ, ಉತ್ತರಿಸುವುದನ್ನು ಇನ್ನಷ್ಟು ಮುಂದೂಡುತ್ತಾರೆ. ‘ಏನಾಯ್ತು ಮೇಡಂ?’, ‘ರಿಪ್ಲೈ ಮಾಡಿ’, ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ, ಕೈಮುಗಿದ ಚಿತ್ರ, ಇವೆಲ್ಲ ಇದೇ ಜಾತಿಗೆ ಸೇರಿದವು. ಪೀಡೆ ಎನ್ನಿಸುವುದು ಮೆಸೇಜುಗಳ ಸಂಖ್ಯೆಯಿಂದ ಮಾತ್ರವಲ್ಲ. ಓದುವವರಿಗೆ ಏನನ್ನೂ ಕೊಡದೆ ಅವರಿಂದ ಉತ್ತರವನ್ನಷ್ಟೇ ಕೇಳುವ ಮೆಸೇಜು ಮೊದಲ ಸಲವೇ ಪೀಡೆಯಾಗಬಲ್ಲದು.

ಹಾಗಾದರೆ ಏನು ಕಳಿಸಬೇಕು, ಯಾವಾಗ ಕಳಿಸಬೇಕು? ಯಾವಾಗ ಎಂಬುದನ್ನು ನಿಮ್ಮ ಆತಂಕದಿಂದ ಅಳೆಯದೆ ಅವರ ಸಮಾರಂಭದ ದಿನದಿಂದ ಹಿಂದಕ್ಕೆ ಎಣಿಸಿ. ಕುಬಸ 24ಕ್ಕೆ. ಸೀರೆ ಮತ್ತು ಹೊಲಿದ ಕುಪ್ಪಸ ಎರಡೂ 22ರ ಹೊತ್ತಿಗೆ ಮನೆಯಲ್ಲಿರಬೇಕು. ದರ್ಜಿಯವರು ಸಾಮಾನ್ಯವಾಗಿ ವಾರದಿಂದ ಹತ್ತು ದಿನ ಕೇಳುತ್ತಾರೆ, ಸೀರೆಗೆ ಫಾಲ್ ಮತ್ತು ಪಿಕೊ ಅದೇ ಅವಧಿಯಲ್ಲಿ ಮುಗಿಯುತ್ತದೆ. ಆದ್ದರಿಂದ ಪಾರ್ಸಲ್ 12ರೊಳಗೆ ಬೆಂಗಳೂರು ಮುಟ್ಟಬೇಕು. ಇಳಕಲ್ಲಿನಿಂದ ಸ್ಪೀಡ್ ಪೋಸ್ಟಿಗೋ ಕೊರಿಯರಿಗೋ ನಾಲ್ಕೈದು ದಿನ ಇಟ್ಟುಕೊಂಡರೆ, ನೀವು 7ನೇ ತಾರೀಖಿಗೆ ಕಳಿಸಬೇಕು. ಅಂದರೆ ಅವರ ನಿರ್ಧಾರಕ್ಕೆ ನಿಜವಾದ ಗಡುವು 6ರ ಸಂಜೆ. ಈ ಲೆಕ್ಕ ಅವರ ತಲೆಯಲ್ಲಿ ಇಲ್ಲದೇ ಇರಬಹುದು, ಏಕೆಂದರೆ ಅವರಿಗೆ ಕಾಣುತ್ತಿರುವುದು 24 ಮಾತ್ರ. ಇದನ್ನು ತಿಳಿಸುವುದು ಅವರಿಗೆ ಉಪಯೋಗವಾಗುವ ಮಾತು. ಹೀಗಾಗಿ ನೀವು ಮತ್ತೆ ಬರೆಯುವುದಕ್ಕೆ ಒಂದು ನ್ಯಾಯವಾದ ಕಾರಣವೂ ಸಿಕ್ಕಂತಾಯಿತು. ಖರ್ಚಿನ ಮಾತಾದ್ದರಿಂದ ತಿಂಗಳ ಕೊನೆಯ ದಿನಗಳನ್ನು ಬಿಟ್ಟು, ಸಂಬಳವಾದ ಮೇಲೆ 1 ಅಥವಾ 2ನೇ ತಾರೀಖಿನ ಸಂಜೆ ಏಳರಿಂದ ಒಂಬತ್ತರೊಳಗೆ ಬರೆಯಿರಿ. ತಿಂಗಳ ಕೊನೆಯೆಂದು ಕಾದಿದ್ದೆ ಎಂಬ ಮಾತನ್ನು ಮಾತ್ರ ಅವರ ಬಳಿ ಎತ್ತಬೇಡಿ.

ಏನು ಬರೆಯಬೇಕೆಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ಮೂರು ಸೀರೆಗಳಲ್ಲಿ ಅವರು ಹೆಚ್ಚು ಕೇಳಿದ್ದು ಯಾವುದರ ಬಗ್ಗೆ ಎಂದು ನೋಡಿ, ಅದೊಂದರ ಫೋಟೊವನ್ನೇ ಮತ್ತೆ ಕಳಿಸಿ. ಹಳೆಯ ಫೋಟೊದ ಮೇಲೆ ಬೆರಳು ಸರಿಸಿ, ಅದಕ್ಕೇ ಉತ್ತರವಾಗಿ ಬರೆದರೂ ಆದೀತು. ಮೇಲಕ್ಕೆ ಹೋಗಿ ಹುಡುಕುವ ಶ್ರಮ ಅವರಿಗೆ ತಪ್ಪುತ್ತದೆ. ಅದರ ಜೊತೆಗೆ ಹೀಗೆ ಬರೆಯಬಹುದು:

“ನಮಸ್ಕಾರ ಮೇಡಂ. ನೀವು ವಿಡಿಯೊ ನೋಡಿದ್ದ ಕೆಂಪು ದಡಿಯ ಹಸಿರು ಸೀರೆ ಇದು. ಇದಕ್ಕೆ ಒಪ್ಪುವ ಗುಳೇದಗುಡ್ಡದ ಖಣವೂ ಈಗ ಬಂದಿದೆ, ಫೋಟೊ ಜೊತೆಗಿದೆ. ನೀವು ಹೇಳಿದ್ದ ದಿನಕ್ಕೆ ಕುಪ್ಪಸ ಹೊಲಿಸಿ ಸಿದ್ಧವಾಗಬೇಕಾದರೆ ನಾನು 7ನೇ ತಾರೀಖಿಗೆ ಪಾರ್ಸಲ್ ಮಾಡಬೇಕಾಗುತ್ತದೆ. ಅಲ್ಲಿಯವರೆಗೆ ಇದನ್ನು ನಿಮಗಾಗಿ ತೆಗೆದಿಡಲೇ? ಬೇಡವೆನಿಸಿದರೆ ‘ಬೇಡ’ ಎಂದಷ್ಟೇ ಹಾಕಿ, ಏನೂ ತೊಂದರೆಯಿಲ್ಲ.”

ಈ ಮೆಸೇಜಿನ ಒಂದೊಂದು ಸಾಲಿಗೂ ಕೆಲಸವಿದೆ. ಮೊದಲ ಸಾಲಿನಲ್ಲೇ ಸೀರೆಯ ಗುರುತು ಬಂದಿರುವುದರಿಂದ, ನೋಟಿಫಿಕೇಶನ್ನಿನಲ್ಲಿ ಒಂದೂವರೆ ಸಾಲು ಕಂಡರೂ ವಿಷಯ ತಿಳಿಯುತ್ತದೆ. ಖಣದ ಸುದ್ದಿ ಹೊಸದು. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣ ಜೊತೆಯಾದದ್ದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಆದರೆ ಬೆಂಗಳೂರಿನಲ್ಲಿ ಬೆಳೆದವರಿಗೆ ಕುಪ್ಪಸಕ್ಕೆ ಏನು ಹೊಂದೀತು ಎಂಬುದೇ ಅರ್ಧ ಚಿಂತೆಯಾಗಿರುತ್ತದೆ, ಅದನ್ನು ನೀವು ಕಳೆದಿರಿ. ತಾರೀಖು ಅವರ ಲೆಕ್ಕಕ್ಕೆ ಸಂಬಂಧಿಸಿದ್ದು. ಪ್ರಶ್ನೆ ಒಂದೇ, ಅದಕ್ಕೆ ‘ಹೂಂ’ ಎಂದರೆ ಸಾಕು. ‘ತಗೊಳ್ತೀರಾ’ ಎಂದು ಕೇಳದೆ ‘ತೆಗೆದಿಡಲೇ’ ಎಂದು ಕೇಳಿರುವುದರಿಂದ ಇನ್ನೂ ನಿರ್ಧರಿಸದವರೂ ಉತ್ತರಿಸಬಹುದು. ಕೊನೆಯ ಸಾಲನ್ನು ಹಲವರು ಬಿಟ್ಟುಬಿಡುತ್ತಾರೆ, ‘ಬೇಡ ಎನ್ನಲು ನಾವೇ ಕಲಿಸಿದಂತಾಗುತ್ತದೆ’ ಎಂಬ ಅಂಜಿಕೆಯಿಂದ. ನನ್ನ ಅನುಭವದಲ್ಲಿ ಅದನ್ನು ಬಿಡಬಾರದು. ನಮ್ಮಲ್ಲಿ ಮುಖ ನೋಡಿ ‘ಬೇಡ’ ಎನ್ನುವುದು ಒರಟುತನವೆಂದು ಬಹಳ ಜನ ತಿಳಿದಿದ್ದಾರೆ, ಹಾಗೆನ್ನಲಾರದ್ದಕ್ಕೇ ಸುಮ್ಮನಾಗುತ್ತಾರೆ. ಆ ಮಾತನ್ನು ಸುಲಭ ಮಾಡಿಕೊಟ್ಟರೆ, ಬೇಡದವರು ಬೇಡ ಎನ್ನುತ್ತಾರೆ, ನಿಮ್ಮ ಸೀರೆ ಬಿಡುಗಡೆಯಾಗುತ್ತದೆ. ಬೇಕಾಗಿದ್ದೂ ತೊಡಕಿನಲ್ಲಿರುವವರು ‘ಬೇಡ ಅಂತಲ್ಲ, ಅಮ್ಮ ಇನ್ನೂ ನೋಡಿಲ್ಲ’ ಎಂದು ನಿಜ ಹೇಳುತ್ತಾರೆ.

ಈ ಮಾದರಿಯಲ್ಲಿ ‘ಕುಬಸ’ ಎಂಬ ಮಾತೇ ಇಲ್ಲದಿರುವುದನ್ನು ಗಮನಿಸಿ. ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಬಸುರಿಯ ಮನೆಯ ಮೌನಕ್ಕೆ ನಾವು ಊಹಿಸಲಾಗದ ಕಾರಣಗಳಿರಬಹುದು. ಆಸ್ಪತ್ರೆಯ ಓಡಾಟವಿರಬಹುದು, ಅದಕ್ಕಿಂತ ಕೆಟ್ಟದ್ದೇ ಆಗಿರಬಹುದು. ‘ಕುಬಸದ ತಯಾರಿ ಹೇಗೆ ನಡೆದಿದೆ ಮೇಡಂ?’ ಎಂಬ ಅಕ್ಕರೆಯ ಪ್ರಶ್ನೆ ಅಂಥ ಹೊತ್ತಿನಲ್ಲಿ ಯಾರ ಕೈಗೆ ಸಿಕ್ಕರೂ ಗಾಯ ಮಾಡುತ್ತದೆ. ಮದುವೆಯ ಸೀರೆ ಕೇಳಿ ಸುಮ್ಮನಾದವರಿಗೂ ಇದೇ ಮಾತು ಅನ್ವಯಿಸುತ್ತದೆ, ಸಂಬಂಧ ಮುರಿದಿರಬಹುದು. ಅವರು ತಾವಾಗಿ ಮತ್ತೆ ಪ್ರಸ್ತಾಪಿಸುವವರೆಗೆ ಸಮಾರಂಭದ ವಿಚಾರ ಎತ್ತದೆ, ಸೀರೆ ಮತ್ತು ತಾರೀಖಿನ ಮಾತಷ್ಟೇ ಆಡಿ.

ಇನ್ನು ಬೆಲೆಯ ವಿಷಯ. ಅವರು ಸುಮ್ಮನಾದದ್ದು ಬೆಲೆ ಹೇಳಿದ ಮೇಲೆ ಆದ್ದರಿಂದ, ಮುಂದಿನ ಮೆಸೇಜಿನಲ್ಲಿ ಇನ್ನೂರೋ ಐನೂರೋ ಇಳಿಸಿ ಹೇಳಿಬಿಡೋಣ ಎಂದು ನಿಮಗೆ ಅನ್ನಿಸುವುದು ಸಹಜ. ಅವರು ಕೇಳದೆ ಇಳಿಸಬೇಡಿ. ಕೇಳದೆ ಇಳಿಸಿದ ಬೆಲೆ ಮೊದಲು ಹೇಳಿದ ಬೆಲೆಯನ್ನೇ ಸುಳ್ಳು ಮಾಡುತ್ತದೆ. ಇನ್ನೊಂದು ವಾರ ಸುಮ್ಮನಿದ್ದರೆ ಇನ್ನೂ ಇಳಿದೀತು ಎಂದು ಅವರು ಕಾಯುವಂತೆಯೂ ಮಾಡುತ್ತದೆ. ಅದೇ ಸೀರೆಯನ್ನು ಪೂರ್ತಿ ಬೆಲೆಗೆ ಕೊಂಡ ಇನ್ನೊಬ್ಬರ ಕಿವಿಗೆ ಅದು ಬೀಳುವುದು ಕಷ್ಟವೇನಲ್ಲ, ಒಂದೇ ಬಂಧುಬಳಗದ ನಾಲ್ವರು ನಿಮ್ಮ ಪುಟವನ್ನು ನೋಡುತ್ತಿರುತ್ತಾರೆ. ಬೆಲೆಯೇ ತೊಡಕಾಗಿರಬಹುದೆಂದು ನಿಮಗೆ ಬಲವಾಗಿ ಅನ್ನಿಸಿದರೆ, ಅದೇ ಸೀರೆಯ ಬೆಲೆ ಇಳಿಸುವ ಬದಲು ಬೇರೆ ಸೀರೆಯನ್ನು ತೋರಿಸಿ. ನೀವು ತೋರಿಸಿದ ಮೂರೂ ರೇಷ್ಮೆ ಸೆರಗಿನ ಕೈಮಗ್ಗದ ಸೀರೆಗಳು. ಅದೇ ಹಸಿರಿನಲ್ಲಿ ಹತ್ತಿಯ ಒಡಲು, ಕೃತಕ ರೇಷ್ಮೆಯ ದಡಿ ಮತ್ತು ಸೆರಗು ಇರುವ ಸೀರೆ ಕಡಿಮೆ ಬೆಲೆಗೆ ಬರುತ್ತದೆ. “ಇದೇ ಬಣ್ಣದಲ್ಲಿ ಕೃತಕ ರೇಷ್ಮೆಯ ಸೆರಗಿನದೂ ಇದೆ ಮೇಡಂ, ಬೆಲೆ ಇಷ್ಟು, ವ್ಯತ್ಯಾಸ ಸೆರಗಿನ ನೂಲಿನದು, ನೇಯ್ಗೆಯದಲ್ಲ” ಎಂದು ಒಂದು ಸಾಲು ಬರೆದರೆ ಎರಡು ಕೆಲಸವಾಗುತ್ತದೆ. ಅವರ ಮಾನಕ್ಕೆ ಕುಂದಾಗದಂತೆ ಕಡಿಮೆ ಬೆಲೆಯ ದಾರಿಯೊಂದು ಸಿಗುತ್ತದೆ, ಮೊದಲ ಸೀರೆಗೆ ಆ ಬೆಲೆ ಏಕೆ ಎಂಬುದೂ ತಿಳಿಯುತ್ತದೆ. ಹೀಗೆ ಹೇಳುವಾಗ ಮಾತು ನಿಜವಾಗಿರಬೇಕು. ವಿದ್ಯುತ್ ಮಗ್ಗದ ಸೀರೆಯಾಗಿದ್ದರೆ ಅದನ್ನೂ ಹೇಳಿಬಿಡಿ.

ನಿಜದ ಮಾತು ಬಂದದ್ದರಿಂದ ಅವಸರ ಹುಟ್ಟಿಸುವ ಅಭ್ಯಾಸದ ಬಗೆಗೂ ಹೇಳಬೇಕು. ‘ಒಂದೇ ಪೀಸ್ ಉಳಿದಿದೆ’, ‘ಇನ್ನಿಬ್ಬರು ಕೇಳ್ತಿದ್ದಾರೆ’ ಎಂದು ಬರೆದರೆ ಉತ್ತರ ಬೇಗ ಬರುತ್ತದೆ ಎಂದು ಮಾರಾಟದ ಪಾಠ ಹೇಳುವ ಹಲವರು ಕಲಿಸುತ್ತಾರೆ. ಮುಂದಿನ ವಾರ ಅದೇ ಸೀರೆ ನಿಮ್ಮ ಸ್ಟೋರಿಯಲ್ಲಿ ಕಾಣಿಸಿದಾಗ ಆ ಗ್ರಾಹಕರು ಏನೂ ಹೇಳುವುದಿಲ್ಲ, ಆದರೆ ಆಮೇಲೆ ನೀವು ಹೇಳುವ ಯಾವ ತಾರೀಖನ್ನೂ ನಂಬುವುದಿಲ್ಲ. ಕೈಮಗ್ಗದವರಿಗೆ ಸುಳ್ಳಿನ ಅವಸರ ಬೇಕಾಗಿಯೂ ಇಲ್ಲ, ಏಕೆಂದರೆ ನಿಜವಾದ ಮಿತಿಯೇ ಕಣ್ಣೆದುರಿಗಿದೆ. ಇಳಕಲ್ ಸೀರೆಯಲ್ಲಿ ಹಾಸನ್ನು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೂಡುವ ಎಳೆಗಳನ್ನು, ಒಡಲಿಗೂ ಸೆರಗಿಗೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಒಂದು ಬಣ್ಣದ ಹಾಸು ಮುಗಿದ ಮೇಲೆ ಮತ್ತೆ ಅದೇ ಬಣ್ಣ ಬೇಕೆಂದರೆ ಆ ಕೆಲಸವೆಲ್ಲ ಮೊದಲಿನಿಂದ ಆಗಬೇಕು. “ಈ ಹಸಿರಿನ ಹಾಸು ಮಗ್ಗದಿಂದ ಇಳಿದಿದೆ, ಮತ್ತೆ ಹೂಡುವುದು ದೀಪಾವಳಿಯ ನಂತರ” ಎಂದು ನೇಕಾರರು ನಿಮಗೆ ನಿಜವಾಗಿ ಹೇಳಿದ್ದರೆ, ಅದನ್ನು ಹಾಗೆಯೇ ಗ್ರಾಹಕರಿಗೆ ತಿಳಿಸಿ. ಅದು ಸುದ್ದಿ, ಒತ್ತಡವಲ್ಲ. ಎರಡು ಸೀರೆ ಉಳಿದಿದ್ದರೆ ಎರಡು ಎಂದೇ ಬರೆಯಿರಿ.

ಮೇಲಿನ ಮೆಸೇಜಿಗೂ ಉತ್ತರ ಬಾರದಿದ್ದರೆ ನಡುವೆ ಏನನ್ನೂ ಕಳಿಸದೆ 6ರ ಸಂಜೆಯವರೆಗೆ ಇರಿ. ಈ ನಾಲ್ಕೈದು ದಿನ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಅದರಲ್ಲೂ ಅವರು ನಿಮ್ಮ ಸ್ಟೋರಿಗಳನ್ನು ನೋಡುತ್ತಿರುವುದು ಪಟ್ಟಿಯಲ್ಲಿ ಕಾಣುತ್ತಿರುವಾಗ. ‘ಸ್ಟೋರಿ ನೋಡ್ತಿದ್ದೀರಿ, ಉತ್ತರ ಮಾತ್ರ ಇಲ್ಲ’ ಎಂದು ತಮಾಷೆಗೂ ಬರೆಯಬೇಡಿ. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂದು ತಿಳಿದ ಕೂಡಲೇ ಜನ ಪುಟವನ್ನೇ ಬಿಟ್ಟು ಹೋಗುತ್ತಾರೆ. ಆದರೆ ಸ್ಟೋರಿಯಲ್ಲಿ ಆ ಖಣವನ್ನೋ ಮಗ್ಗದ ಮೇಲಿನ ಹಸಿರು ಹಾಸನ್ನೋ ಎಲ್ಲರಿಗಾಗಿ ಹಾಕುವುದರಲ್ಲಿ ತಪ್ಪಿಲ್ಲ. ಅದು ಯಾರ ಬಾಗಿಲನ್ನೂ ತಟ್ಟುವುದಿಲ್ಲ, ನೋಡಬೇಕೆನಿಸಿದವರು ನೋಡುತ್ತಾರೆ.

6ರ ಸಂಜೆ ಕೊನೆಯ ಮೆಸೇಜು. ಇದು ಅವರನ್ನು ಕೇಳುವುದಕ್ಕಲ್ಲ, ತಿಳಿಸುವುದಕ್ಕೆ:

“ನಮಸ್ಕಾರ ಮೇಡಂ. ಕೆಂಪು ದಡಿಯ ಹಸಿರು ಸೀರೆಯನ್ನು ಇಂದಿನವರೆಗೆ ತೆಗೆದಿಟ್ಟಿದ್ದೆ. ನೀವು ಬೇರೆ ಕೆಲಸಗಳಲ್ಲಿ ಇದ್ದೀರೆಂದು ಭಾವಿಸಿ ನಾಳೆಯಿಂದ ಬೇರೆಯವರಿಗೆ ತೋರಿಸುತ್ತೇನೆ. ಇದರ ಬಗ್ಗೆ ಇನ್ನು ಮೆಸೇಜ್ ಮಾಡುವುದಿಲ್ಲ. ಮುಂದೆ ಯಾವಾಗ ಸೀರೆ ಬೇಕಾದರೂ ಇಲ್ಲಿಯೇ ಬರೆಯಿರಿ.”

‘ಇನ್ನು ಮೆಸೇಜ್ ಮಾಡುವುದಿಲ್ಲ’ ಎಂಬ ಸಾಲು ಅವರ ಮನಸ್ಸಿನ ಭಾರ ಇಳಿಸುತ್ತದೆ, ಅದನ್ನು ನೀವು ಪಾಲಿಸಲೂ ಬೇಕು. ಇಂಥ ಮೆಸೇಜಿಗೆ ಉತ್ತರ ಬರುವುದುಂಟು. ಬಂದರೆ ಹೆಚ್ಚಾಗಿ ‘ಅಯ್ಯೋ ಸಾರಿ, ಮನೆಯಲ್ಲಿ ಗಡಿಬಿಡಿ’ ಎಂಬ ಕ್ಷಮಾಪಣೆಯಿಂದಲೇ ಶುರುವಾಗುತ್ತದೆ. ಆಗ ‘ಪರವಾಗಿಲ್ಲ ಮೇಡಂ, ಸೀರೆ ಇನ್ನೂ ಇದೆ’ ಎಂದು ನೇರವಾಗಿ ಸೀರೆಯ ಮಾತಿಗೆ ಬನ್ನಿ, ತಡವಾದದ್ದನ್ನು ನೆನಪಿಸಬೇಡಿ. ‘ಬೇರೆ ಕಡೆ ತಗೊಂಡ್ವಿ’ ಎಂದರೆ ‘ತಿಳಿಸಿದ್ದಕ್ಕೆ ಧನ್ಯವಾದ’ ಎಂದಷ್ಟೇ ಹೇಳಿ. ಎಲ್ಲಿ ತೆಗೆದುಕೊಂಡಿರಿ, ಎಷ್ಟಕ್ಕೆ ಸಿಕ್ಕಿತು ಎಂದು ವಿಚಾರಿಸಿದರೆ ಅವರು ಲೆಕ್ಕ ಒಪ್ಪಿಸಬೇಕಾದಂತಾಗುತ್ತದೆ. ಏನೂ ಉತ್ತರ ಬಾರದಿದ್ದರೆ ಸೀರೆಯನ್ನು ಪುಟಕ್ಕೆ ಹಾಕಿ, ನಿಮ್ಮ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಗೆರೆ ಎಳೆಯಿರಿ.

ನೀವು ಈಗಾಗಲೇ ಎರಡು ಸಲ ‘ಹಾಯ್’ ಕಳಿಸಿರುವುದರಿಂದ ನಿಮಗೆ ಈ ಎರಡೇ ಮೆಸೇಜುಗಳನ್ನು ಹೇಳಿದ್ದೇನೆ. ಮೊದಲಿನಿಂದ ಶುರು ಮಾಡುವವರಿಗೆ, ದಿನ ಗೊತ್ತಿಲ್ಲದ ವ್ಯವಹಾರದಲ್ಲಿ, ಮೂರು ನಾಲ್ಕು ದಿನ ಬಿಟ್ಟು ಒಂದು, ಆಮೇಲೆ ವಾರ ಹತ್ತು ದಿನ ಬಿಟ್ಟು ಮುಕ್ತಾಯದ್ದೊಂದು ಸಾಕು. ಹಣ ಕಳಿಸುವ ವಿವರ ಪಡೆದು ನಿಂತವರಿಗೆ ಮಾತ್ರ ಮರುದಿನವೇ ಬರೆಯಬಹುದು, ಏಕೆಂದರೆ ಅಲ್ಲಿ ಮನಸ್ಸು ಬದಲಾದದ್ದಕ್ಕಿಂತ ಯುಪಿಐ ಹೋಗದೆ ನಿಂತಿರುವ ಸಾಧ್ಯತೆ ಹೆಚ್ಚು. “ಹಣ ಕಳಿಸುವಾಗ ಏನಾದರೂ ತೊಂದರೆಯಾಯಿತೇ? ಬ್ಯಾಂಕ್ ಖಾತೆಯ ವಿವರವೂ ಕೊಡಬಲ್ಲೆ” ಎಂದರೆ ಅದು ಸಹಾಯದ ಮಾತಾಗುತ್ತದೆ.

ಇನ್‌ಸ್ಟಾಗ್ರಾಮ್‌ನಲ್ಲಿ ಉತ್ತರವಿಲ್ಲವೆಂದು ವಾಟ್ಸಾಪಿಗೆ ಹೋಗುವುದು, ಪಾರ್ಸಲಿಗಾಗಿ ಕೊಟ್ಟ ನಂಬರಿಗೆ ಫೋನ್ ಮಾಡುವುದು, ಅವರ ಫೋಟೊದ ಕೆಳಗೆ ‘ಡಿಎಂ ನೋಡಿ ಮೇಡಂ’ ಎಂದು ಎಲ್ಲರಿಗೂ ಕಾಣುವಂತೆ ಬರೆಯುವುದು, ಇವು ಯಾವುವೂ ಕೂಡದು. ಒಂದು ಕಡೆ ಮಾತಾಡಿದವರು ಇನ್ನೊಂದು ಕಡೆ ಮಾತಾಡಲು ಒಪ್ಪಿಗೆ ಕೊಟ್ಟಿಲ್ಲ. ಅವರ ನಂಬರನ್ನು ವಾಟ್ಸಾಪ್ ಗುಂಪಿಗೆ ಸೇರಿಸುವುದಂತೂ ಇನ್ನೂ ಕೆಟ್ಟದ್ದು, ಅಲ್ಲಿ ಅವರ ನಂಬರು ಅಪರಿಚಿತರೆಲ್ಲರಿಗೂ ಕಾಣುತ್ತದೆ. ಬ್ಲಾಕ್ ಮಾಡಿ ರಿಪೋರ್ಟ್ ಒತ್ತುವುದು ಅವರಿಗೆ ಒಂದು ಕ್ಷಣದ ಕೆಲಸ. ಅಂಥ ದೂರುಗಳು ಹೆಚ್ಚಾದರೆ ನಿಮ್ಮ ವ್ಯಾಪಾರದ ಖಾತೆಗೇ ನಿರ್ಬಂಧ ಬೀಳಬಹುದು. ತಾನಾಗಿಯೇ ಮೆಸೇಜ್ ಕಳಿಸುವ ಆ್ಯಪ್‌ಗಳನ್ನು ಮಾರಲು ನಿಮ್ಮ ಬಳಿಗೂ ಯಾರಾದರೂ ಬಂದಾರು. ಗ್ರಾಹಕರ ಕೊನೆಯ ಮೆಸೇಜಿನಿಂದ 24 ಗಂಟೆಗಳ ಒಳಗೆ ಮಾತ್ರ ಅಂಥ ಸ್ವಯಂಚಾಲಿತ ಉತ್ತರ ಹೋಗಬೇಕೆಂಬ ಮಿತಿಯನ್ನು ಮೆಟಾ ಸಂಸ್ಥೆಯೇ ಇಟ್ಟಿದೆ. ನೀವು ಕೈಯಿಂದ ಬರೆಯುವುದಕ್ಕೆ ಆ ಮಿತಿ ಇಲ್ಲ. ವಾರಗಳ ಬಳಿಕ ಬರೆಯಬೇಕಾದ ಈ ಬಗೆಯ ಮೆಸೇಜುಗಳಿಗೆ ಅವು ಹೊಂದುವುದಿಲ್ಲ; ಹೊಂದಿದ್ದರೂ ನಾನು ಬೇಡವೆನ್ನುತ್ತಿದ್ದೆ, ಕೆಂಪು ದಡಿ ಯಾರು ಕೇಳಿದರು ಎಂಬುದು ಅವುಗಳಿಗೆ ಗೊತ್ತಿರುವುದಿಲ್ಲ.

ಮುಂದಿನ ಗ್ರಾಹಕರ ವಿಷಯದಲ್ಲಿ ಈ ತೊಡಕು ಬರದಂತೆ ಮಾಡಲು ಸರಿಯಾದ ಕ್ಷಣ ಒಂದಿದೆ. ಅವರು ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಎನ್ನುವ ಕ್ಷಣ. ಆಗ ‘ಓಕೆ ಮೇಡಂ’ ಎಂದು ಬಿಡದೆ, “ಆಗಲಿ ಮೇಡಂ, ನಿಧಾನವಾಗಿ ನೋಡಿ. ಮನೆಯವರಿಗೆ ತೋರಿಸಲು ಮೂರೂ ಸೀರೆಯ ಬೆಲೆ ಬರೆದ ಒಂದೇ ಫೋಟೊ ಕಳಿಸುತ್ತಿದ್ದೇನೆ. ಗುರುವಾರ ಸಂಜೆ ನಾನೇ ಒಮ್ಮೆ ನೆನಪಿಸಲೇ?” ಎಂದು ಕೇಳಿ. ಬಹಳಷ್ಟು ಜನ ‘ಹೂಂ, ನೆನಪಿಸಿ’ ಎನ್ನುತ್ತಾರೆ. ಅಲ್ಲಿಂದ ಮುಂದೆ ಗುರುವಾರದ ಮೆಸೇಜು ನೀವು ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಮೆಸೇಜಾಗುತ್ತದೆ, ಕೇಳಲು ಸಂಕೋಚವೇ ಇರುವುದಿಲ್ಲ. ಆ ಒಂದೇ ಫೋಟೊದ ಉಪಯೋಗವೂ ಸಣ್ಣದಲ್ಲ. ಇನ್‌ಸ್ಟಾಗ್ರಾಮ್ ಬಳಸದ ತಾಯಿಗೆ, ದೂರದಲ್ಲಿರುವ ಅಣ್ಣನಿಗೆ ಅವರು ಸೀರೆಯನ್ನು ತೋರಿಸುವುದು ವಾಟ್ಸಾಪಿನಲ್ಲಿ. ಹತ್ತು ಮೆಸೇಜುಗಳಲ್ಲಿ ಚದುರಿರುವ ಫೋಟೊ, ವಿಡಿಯೊ, ಬೆಲೆಗಳನ್ನು ಆರಿಸಿ ಕಳಿಸುವ ತಾಪತ್ರಯದಲ್ಲೇ ಎಷ್ಟೋ ಖರೀದಿಗಳು ನಿಂತುಹೋಗುತ್ತವೆ. ಸೀರೆಗಳಿಗೆ 1, 2, 3 ಎಂದು ಅಂಕಿ ಹಾಕಿ, ಪಕ್ಕದಲ್ಲಿ ಬೆಲೆ, ಸೆರಗಿನ ನೂಲು, ಕುಪ್ಪಸದ ಬಟ್ಟೆ ಇದೆಯೋ ಇಲ್ಲವೋ ಎಂಬುದನ್ನು ಬರೆದರೆ, ಮನೆಯವರು ‘ಎರಡನೆಯದು’ ಎಂದು ಒಂದೇ ಮಾತಿನಲ್ಲಿ ಹೇಳಬಹುದು.

ಗುರುವಾರ ನೆನಪಿಸುತ್ತೇನೆ ಎಂದ ಮೇಲೆ ಗುರುವಾರ ನೆನಪಾಗಬೇಕಲ್ಲ, ಅದಕ್ಕೆ ಒಂದು ಸಾದಾ ನೋಟ್‌ಬುಕ್ ಸಾಕು. ಹೆಸರು, ಕೇಳಿದ ಸೀರೆ, ಬೇಕಾದ ದಿನ, ಅವರಾಡಿದ ಕೊನೆಯ ಮಾತು ಅವರದೇ ಶಬ್ದಗಳಲ್ಲಿ, ಮತ್ತೆ ಬರೆಯಬೇಕಾದ ತಾರೀಖು, ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಡಿ. ಪ್ರತಿದಿನ ಬೆಳಿಗ್ಗೆ ಆ ದಿನದ ತಾರೀಖು ಇರುವ ಸಾಲುಗಳನ್ನಷ್ಟೇ ನೋಡಿ. ತಾರೀಖು ಬಾರದವರ ಸಂಭಾಷಣೆಯನ್ನು ಮತ್ತೆ ಮತ್ತೆ ತೆರೆದು ನೋಡುವ ಚಪಲ ಇದರಿಂದ ತಗ್ಗುತ್ತದೆ. ‘ಹಾಯ್ ಮೇಡಂ’ ಹುಟ್ಟುವುದೇ ಆ ಚಪಲದಿಂದ. ಮುಂದಿನ ಹಂಗಾಮಿನಲ್ಲಿ ಹೊಸ ಹಸಿರು ಹಾಸು ಬಂದಾಗ ಈ ಗ್ರಾಹಕರಿಗೆ ತಿಳಿಸಬಹುದೇ ಎಂಬ ಪ್ರಶ್ನೆಗೂ ಆ ನೋಟ್‌ಬುಕ್ಕೇ ಉತ್ತರಿಸುತ್ತದೆ. ‘ಹೊಸದು ಬಂದರೆ ಹೇಳಿ’ ಎಂದು ಅವರು ಹೇಳಿದ್ದು ಅಲ್ಲಿದ್ದರೆ ಒಂದು ಫೋಟೊ ಕಳಿಸಿ, ಇಲ್ಲದಿದ್ದರೆ ಅವರಾಗಿಯೇ ಬರೆಯುವವರೆಗೆ ಬಿಡಿ.